ಹೊಳೆಯುವ ಚೊಂಬಿಗೊಂದು ಫೋಟೊ

ಸ್ಟೀಲ್ ಚೊಂಬಿನ ಫೋಟೊ ತೆಗೆದರೆ ಚೊಂಬಿಗಿಂತ ಮೊದಲು ಕಾಣುವುದು ನಿಮ್ಮ ಅಂಗಿ, ಫೋನ್ ಹಿಡಿದ ಕೈ, ಮೇಲಿನ ಟ್ಯೂಬ್‌ಲೈಟು. ಬೆಳಕು ಸಾಲದೆಂದು ಇನ್ನೊಂದು ಬಲ್ಬು ಹಾಕಿದರೆ ಚೊಂಬಿನ ಮೇಲೆ ಇನ್ನೊಂದು ಬಿಳಿ ಚುಕ್ಕೆ ಮೂಡುತ್ತದೆ, ಅಷ್ಟೆ. ಪಾಲಿಶ್ ಮಾಡಿದ ಸ್ಟೀಲು ಕನ್ನಡಿಯ ಹಾಗೆ. ಸುತ್ತ ಏನಿದೆಯೋ ಅದನ್ನೇ ತೋರಿಸುತ್ತದೆ. ಆದ್ದರಿಂದ ಕೆಲಸ ಶುರುವಾಗಬೇಕಾದ್ದು ಚೊಂಬಿನ ಸುತ್ತಲಿನಿಂದ.

ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಮೇಜು ಹಾಕಿ, ಮನೆಯ ದೀಪಗಳನ್ನೆಲ್ಲ ಆರಿಸಿ. ಕಿಟಕಿಯ ಬೆಳಕು ಒಂದು ಬಣ್ಣ, ಬಲ್ಬಿನದು ಇನ್ನೊಂದು. ಎರಡೂ ಬೆರೆತರೆ ಚೊಂಬಿನ ಒಂದು ಮಗ್ಗುಲು ನೀಲಿ, ಇನ್ನೊಂದು ಹಳದಿ. ಆಮೇಲೆ ಯಾವ ಆ್ಯಪ್‌ನಲ್ಲೂ ಅದನ್ನು ಸರಿಪಡಿಸುವುದು ಕಷ್ಟ. ಕಿಟಕಿಗೂ ಚೊಂಬಿಗೂ ನಡುವೆ ಒಂದು ಬಿಳಿ ಪಂಚೆ ಇಳಿಬಿಡಿ. ಪಂಚೆ ಹತ್ತಿರ ಬಂದಷ್ಟೂ ಸ್ಟೀಲಿನ ಮೇಲಿನ ಬೆಳಕಿನ ಪಟ್ಟಿ ಅಗಲವಾಗುತ್ತದೆ, ನೆರಳು ಮೃದುವಾಗುತ್ತದೆ. ಎದುರು ಮಗ್ಗುಲಿಗೆ ಥರ್ಮಾಕೋಲ್ ನಿಲ್ಲಿಸಿ. ಆದರೆ ಚೊಂಬಿನ ಬುಡದ ನೆರಳನ್ನು ಪೂರ್ತಿ ಅಳಿಸಬೇಡಿ, ಅದಿಲ್ಲದಿದ್ದರೆ ಚೊಂಬು ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ನಿಮ್ಮ ಬೆನ್ನ ಹಿಂದಿನ ಗೋಡೆ ಹಸಿರಾಗಿದ್ದರೆ ಸ್ಟೀಲೂ ಹಸಿರಾಗುತ್ತದೆ. ಅಲ್ಲಿಗೂ ಒಂದು ಬಿಳಿ ಬಟ್ಟೆ ಬೇಕು.

ಎಲ್ಲವೂ ಬಿಳಿಯಾದ ಮೇಲೆ ಹೊಸ ತೊಂದರೆ ಶುರು: ಚೊಂಬಿನ ಅಂಚು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಚೊಂಬಿನ ಎರಡೂ ಪಕ್ಕ, ಫ್ರೇಮಿನಿಂದ ಸ್ವಲ್ಪವೇ ಆಚೆ, ಎರಡು ಇಂಚು ಅಗಲದ ಕಪ್ಪು ಕಾಗದದ ಪಟ್ಟಿ ನಿಲ್ಲಿಸಿ ನೋಡಿ. ಅಂಚುಗುಂಟ ಕಪ್ಪು ಗೆರೆ ಇಳಿದು ಹೊಟ್ಟೆಯ ದುಂಡು ಎದ್ದು ಕಾಣುತ್ತದೆ. ಇಡೀ ಸಿದ್ಧತೆಯಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ, ಖರ್ಚೂ ಇಲ್ಲ.

ಫೋನಿನ ಬಿಂಬ ತಪ್ಪಿಸಲು ಹಿಂದೆ ಸರಿದು 2x ಲೆನ್ಸಿನಲ್ಲಿ ತೆಗೆಯಿರಿ, ಬಿಂಬ ಚಿಕ್ಕದಾಗುತ್ತದೆ. ಪೂರ್ತಿ ಹೋಗಬೇಕೆಂದರೆ ಬಿಳಿ ರಟ್ಟಿಗೆ ಲೆನ್ಸಿನಷ್ಟು ತೂತು ಮಾಡಿ ಅದರ ಹಿಂದೆ ಫೋನ್ ಹಿಡಿಯಿರಿ. ಇಷ್ಟೊಂದು ಬಿಳುಪು ಕಂಡ ಫೋನು ಚಿತ್ರವನ್ನು ಬೂದಿಯಾಗಿಸುತ್ತದೆ. ಚೊಂಬಿನ ಮೇಲೆ ಬೆರಳೊತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ತುಸು ಏರಿಸಿ; ಹೊಳಪಿನ ಪಟ್ಟಿ ಬೆಳ್ಳಗೆ ಸುಟ್ಟಂತಾದರೆ ಒಂದು ಗೆರೆ ಇಳಿಸಿ. ಬಣ್ಣ ಸರಿಯಿದೆಯೇ ಎಂದು ತಿಳಿಯಲು ಮೊದಲ ಫೋಟೊದಲ್ಲಿ ಪಕ್ಕಕ್ಕೊಂದು ಬಿಳಿ ಕಾಗದ ಇಡಿ. ಅದು ಹಳದಿಗೋ ನೀಲಿಗೋ ತಿರುಗಿದ್ದರೆ ಪ್ರೊ ಮೋಡಿನಲ್ಲಿ ವೈಟ್ ಬ್ಯಾಲೆನ್ಸ್ ಅನ್ನು 5500ರ ಆಸುಪಾಸಿನಲ್ಲಿಟ್ಟು, ಕಾಗದ ಬಿಳಿಯಾಗುವವರೆಗೆ ತಿದ್ದಿ.

ಚೊಂಬಿನ ಮೇಲೆ ಹೆಸರು ಕೊರೆಸಿದ್ದರೆ ಈ ಮೆದು ಬೆಳಕಿನಲ್ಲಿ ಅಕ್ಷರ ಮಾಯವಾಗುತ್ತದೆ. ಅಕ್ಷರದ ಜಾಗದಲ್ಲಿ ಪ್ರತಿಫಲಿಸುವಂತೆ ಕಪ್ಪು ರಟ್ಟೊಂದನ್ನು ಹಿಡಿಯಿರಿ: ಸುತ್ತಲಿನ ಸ್ಟೀಲು ಕಪ್ಪಾಗಿ, ಕೊರೆದ ಚುಕ್ಕೆಗಳು ಬೆಳ್ಳಗೆ ಮಿನುಗುತ್ತವೆ.

ಗಾಜಿನ ಲೋಟಕ್ಕೆ ಲೆಕ್ಕ ತಿರುಗುಮುರುಗು. ಪಂಚೆ ಲೋಟದ ಹಿಂದಿರಬೇಕು, ಬೆಳಕು ಅದರ ಮೂಲಕವೇ ಬರಬೇಕು. ಪಕ್ಕದ ಕಪ್ಪು ಪಟ್ಟಿಗಳು ಗಾಜಿನ ಅಂಚನ್ನು ಪೆನ್ಸಿಲಿನಲ್ಲಿ ಬರೆದಂತೆ ತೋರಿಸುತ್ತವೆ. ಪೋಲರೈಸರ್ ಫಿಲ್ಟರ್ ಗಾಜಿನ ಪ್ರತಿಫಲನವನ್ನು ಓರೆ ಕೋನದಲ್ಲಿ ತಗ್ಗಿಸುತ್ತದೆ, ಆದರೆ ಸ್ಟೀಲಿನ ಮೇಲೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ.