ಡೈ ಬಿಡುತ್ತದೆ, ಹುಟ್ಟಿನ ಕಪ್ಪು ಬಿಡುವುದಿಲ್ಲ

ವರ್ಷಗಟ್ಟಲೆ ಅಂಗಡಿಯ ಕಪ್ಪು ಹೇರ್ ಡೈ ಹಚ್ಚಿಕೊಂಡವರಿಗೆ ಒಂದು ದಿನ ತಿಳಿ ಕಂದು ಬಣ್ಣದ ಮೇಲೆ ಮನಸ್ಸಾಗುತ್ತದೆ. ಹೆಚ್ಚಿನವರು ಮೊದಲು ಮಾಡುವುದು, ಕಂದು ಡೈಯ ಡಬ್ಬಿ ತಂದು ಕಪ್ಪಿನ ಮೇಲೆಯೇ ಬಳಿಯುವುದು. ತೊಳೆದು ನೋಡಿದರೆ ಬುಡದಲ್ಲಿ ಹೊಸದಾಗಿ ಬಂದ ಎರಡು ಅಂಗುಲ ಕೆಂಚಗಾಗಿರುತ್ತದೆ, ಅದರ ಕೆಳಗಿನ ಕಪ್ಪು ಜಗ್ಗಿರುವುದಿಲ್ಲ. ಇನ್ನು ಕೆಲವರು ಕಲರ್ ರಿಮೂವರ್ ತಂದು ಹಚ್ಚುತ್ತಾರೆ. ಅವರಿಗೆ ಆಗುವುದು ತದ್ವಿರುದ್ಧ: ಕೆಳಗಿನ ಕೂದಲು ಕಿತ್ತಳೆ, ಬುಡದ ಎರಡು ಅಂಗುಲ ಅಪ್ಪಟ ಕಪ್ಪು. ರಿಮೂವರ್ ನಕಲಿ ಎಂದು ಅಂಗಡಿಯವನ ಮೇಲೆ ಹರಿಹಾಯುವವರೂ ಇದ್ದಾರೆ. ಪಾಪ, ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತದೆ.

ಕೂದಲಿನಲ್ಲಿರುವುದು ಎರಡು ಬೇರೆ ಬೇರೆ ಕಪ್ಪು. ಒಂದು ನಾವು ಹಾಕಿದ್ದು, ಇನ್ನೊಂದು ಹುಟ್ಟಿನಿಂದ ಬಂದದ್ದು.

ಹಾಕಿದ ಕಪ್ಪು ಒಳಗೆ ಹೋಗುವಾಗ ಕಪ್ಪಾಗಿರುವುದೇ ಇಲ್ಲ. ಡಬ್ಬಿಯ ಕ್ರೀಮಿನಲ್ಲಿರುವ ಪಿಪಿಡಿ ಮತ್ತು ಅದರ ಜೊತೆಗಾರ ರಾಸಾಯನಿಕಗಳು ಬಹಳ ಚಿಕ್ಕ ಅಣುಗಳು, ಹೆಚ್ಚುಕಮ್ಮಿ ಬಣ್ಣವಿಲ್ಲದವು. ಅಮೋನಿಯಾ ಕೂದಲಿನ ಹೊರಪದರವನ್ನು ಉಬ್ಬಿಸಿ ಸಂದು ಮಾಡಿಕೊಡುತ್ತದೆ, ಅಣುಗಳು ಒಳಗೆ ನುಸುಳುತ್ತವೆ. ಅಲ್ಲಿ ಡೆವಲಪರ್‌ನ ಹೈಡ್ರೋಜನ್ ಪೆರಾಕ್ಸೈಡ್ ಅವುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಶಾಲೆಯ ಪಾಠದಲ್ಲಿ ಓದಿದ ಉತ್ಕರ್ಷಣ ಕ್ರಿಯೆ ಇದೇ. ಬೆಸೆದ ಮೇಲೆ ಅಣು ದೊಡ್ಡದಾಗುತ್ತದೆ, ಕಪ್ಪಾಗುತ್ತದೆ, ಬಂದ ದಾರಿಯಲ್ಲಿ ಹೊರಬೀಳಲಾರದು. ಕಿರಿದಾದ ಬಾಗಿಲಿನಿಂದ ಬಿಡಿಬಿಡಿಯಾಗಿ ತಂದು ಕೋಣೆಯೊಳಗೆ ಜೋಡಿಸಿದ ಮಂಚದ ಹಾಗೆ. ಹೊರಗೆ ತರಬೇಕಾದರೆ ಮತ್ತೆ ಬಿಚ್ಚಲೇಬೇಕು.

ಆ ಬಿಚ್ಚುವ ಕೆಲಸ ರಿಮೂವರ್‌ನದು. ಅದರಲ್ಲಿರುವುದು ಗಂಧಕದ ಅಂಶವುಳ್ಳ ಅಪಕರ್ಷಣಕಾರಿಗಳು. ಬಟ್ಟೆಗೆ ಬಣ್ಣ ಹಾಕುವವರು ಹೈಡ್ರೋಸ್ ಎಂದು ಕರೆಯುವ ಸೋಡಿಯಂ ಹೈಡ್ರೋಸಲ್ಫೈಟ್‌ನ ಬಳಗದವು. ಕೊಳೆತ ಮೊಟ್ಟೆಯ ವಾಸನೆ ಬರುವುದು ಇದರಿಂದಲೇ. ಎರಡು ಮೂರು ಸ್ನಾನದವರೆಗೂ ತಲೆಯಲ್ಲಿ ಉಳಿಯುತ್ತದೆ. ಪೆರಾಕ್ಸೈಡ್ ಮಾಡಿದ್ದನ್ನು ಇವು ಹಿಂದಕ್ಕೆ ತಿರುಗಿಸುತ್ತವೆ. ಡೈಯ ಅಣು ಕುಗ್ಗಿ ಬಣ್ಣ ಕಳೆದುಕೊಳ್ಳುತ್ತದೆ, ನೀರಿನ ಜೊತೆ ಹೊರಗೆ ಬರುತ್ತದೆ.

ಹುಟ್ಟಿನ ಕಪ್ಪು ಮೆಲನಿನ್. ಕೂದಲು ಬೇರಿನಲ್ಲಿ ರೂಪುಗೊಳ್ಳುವಾಗಲೇ ಸೂಕ್ಷ್ಮ ಕಾಳುಗಳಾಗಿ ಅದರ ಒಳಪದರದಲ್ಲಿ ಸೇರಿಹೋಗಿರುತ್ತದೆ. ಅದನ್ನು ಯಾರೂ ಹೊರಗಿನಿಂದ ತಂದು ಬೆಸೆದದ್ದಲ್ಲ, ಹಾಗಾಗಿ ರಿಮೂವರ್‌ಗೆ ಬಿಚ್ಚಲು ಅಲ್ಲಿ ಬೆಸುಗೆಯೇ ಸಿಗುವುದಿಲ್ಲ. ಮೆಲನಿನ್ ತಿಳಿಯಾಗಬೇಕಾದರೆ ಆ ಕಾಳುಗಳನ್ನೇ ಒಡೆದು ಕರಗಿಸಬೇಕು. ಅದಕ್ಕೆ ಬೇಕಾದದ್ದು ಜೋರಾದ ಉತ್ಕರ್ಷಣ, ಅಂದರೆ ಬ್ಲೀಚ್ ಪುಡಿಯ ಪರ್‌ಸಲ್ಫೇಟ್ ಮತ್ತು ಪೆರಾಕ್ಸೈಡ್. ರಿಮೂವರ್ ಅದಕ್ಕೆ ಸರಿಯಾಗಿ ಎದುರು ದಿಕ್ಕಿನ ರಸಾಯನ. ಒಂದರ ಬದಲು ಎರಡು ಗಂಟೆ ಇಟ್ಟರೂ, ಡಬ್ಬಿ ಮೇಲೆ ಡಬ್ಬಿ ಸುರಿದರೂ ಬುಡದ ಹೊಸ ಕೂದಲು ಬಣ್ಣ ಬದಲಿಸುವುದಿಲ್ಲ.

ಹಾಗಾದರೆ ಕೆಳಗಿನ ಕಿತ್ತಳೆ ಎಲ್ಲಿಂದ ಬಂತು? ಅದು ಹಳೆಯ ಡೈಯದೇ ಕೆಲಸ. ಡೈ ಹಚ್ಚಿದಾಗಲೆಲ್ಲ ಅದರ ಪೆರಾಕ್ಸೈಡ್ ಬಣ್ಣ ಕಟ್ಟುವುದರ ಜೊತೆಗೆ ಸ್ವಲ್ಪ ಮೆಲನಿನ್ನನ್ನೂ ತಿಂದಿರುತ್ತದೆ. ಮೇಲೆ ಕಪ್ಪು ಕೂತಿದ್ದರಿಂದ ಅದು ಕಾಣಿಸಿರಲಿಲ್ಲ, ಅಷ್ಟೆ. ಒಂದು ಲೆಕ್ಕ ನೋಡಿ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್‌ಗಿಂತ ತುಸು ಹೆಚ್ಚು ಬೆಳೆಯುತ್ತದೆ. 40 ಸೆಂಟಿಮೀಟರ್ ಉದ್ದದ ಕೂದಲಿನ ತುದಿಗೆ ಹತ್ತಿರ ಹತ್ತಿರ ಮೂರು ವರ್ಷ. ಎರಡು ತಿಂಗಳಿಗೊಮ್ಮೆ ಬುಡದಿಂದ ತುದಿವರೆಗೆ ಬಳಿದುಕೊಂಡವರ ತುದಿ 18 ಸಲ ಡೈ ಕುಡಿದಿರುತ್ತದೆ. ಬುಡದಿಂದ ನಾಲ್ಕು ಬೆರಳು ಕೆಳಗಿನ ಭಾಗ ಮೂರು ನಾಲ್ಕು ಸಲ. ಆದ್ದರಿಂದಲೇ ರಿಮೂವರ್ ಹಚ್ಚಿದ ತಲೆ ಒಂದೇ ಬಣ್ಣಕ್ಕೆ ಬರುವುದಿಲ್ಲ. ಬುಡ ಕಪ್ಪು, ನಡುವೆ ಕಿತ್ತಳೆ, ತುದಿಯಲ್ಲಿ ಇನ್ನೂ ಬಿಡದ ಗಾಢ ಕಂದು. ತುದಿಗೆ ಇನ್ನೊಂದು ಸುತ್ತು ಬೇಕಾಗುವುದು ಸಾಮಾನ್ಯ.

ಹಚ್ಚುವುದು ಕಷ್ಟವಲ್ಲ. ಎಣ್ಣೆ, ಸೀರಂ ಇಲ್ಲದ ಒಣ ಕೂದಲಿಗೆ ಎರಡು ಬಾಟಲಿಯ ದ್ರಾವಣವನ್ನು ಬೆರೆಸಿದ ಕೂಡಲೇ ಬಳಿಯಬೇಕು, ತುದಿಯಿಂದ ಶುರುಮಾಡಿ ಮೇಲಕ್ಕೆ. ಪ್ಲಾಸ್ಟಿಕ್ ಕ್ಯಾಪ್ ಹಾಕಿ ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬೆಚ್ಚಗೆ ಬಿಡಬೇಕು. ಕೆಡುವುದೆಲ್ಲ ತೊಳೆಯುವಾಗ. ಕುಗ್ಗಿದ ಅಣು ಕೂದಲಿನೊಳಗೆ ಇನ್ನೂ ಇದೆ, ಅದಕ್ಕೆ ಬಣ್ಣವಿಲ್ಲ ಅಷ್ಟೆ. ಕನ್ನಡಿಯಲ್ಲಿ ಕಿತ್ತಳೆ ಕಂಡ ಖುಷಿಗೆ ಎರಡು ಚೊಂಬು ನೀರು ಹುಯ್ದು ಮುಗಿಸಿದರೆ, ಗಾಳಿಯ ಆಮ್ಲಜನಕ ತಗುಲಿ ಉಳಿದ ಅಣುಗಳು ಮತ್ತೆ ಬೆಸೆದುಕೊಳ್ಳುತ್ತವೆ, ಒಂದೆರಡು ದಿನದಲ್ಲಿ ತಲೆ ಕಪ್ಪಿಗೆ ತಿರುಗುತ್ತದೆ. ಉಗುರುಬೆಚ್ಚಗಿನ ಹರಿಯುವ ನೀರಿನಲ್ಲಿ, ಎಳೆ ಎಳೆ ಬಿಡಿಸಿ, ಹತ್ತಿಪ್ಪತ್ತು ನಿಮಿಷ ತೊಳೆಯಬೇಕು. ಟ್ಯಾಂಕರ್ ನೀರಿನ ದಿನ ಈ ಸಾಹಸ ಬೇಡ.

ತೊಳೆದದ್ದು ಸಾಕೋ ಇಲ್ಲವೋ ಎಂದು ನೋಡಲು ಪಾರ್ಲರಿನವರಿಗೆ ಒಂದು ಉಪಾಯ ಗೊತ್ತು. ಕಿವಿಯ ಹಿಂದಿನ ತೆಳ್ಳಗಿನ ಎಳೆಯೊಂದಕ್ಕೆ ತುಸು ಡೆವಲಪರ್ ಸವರಿ ಕೆಲವು ನಿಮಿಷ ಬಿಡುತ್ತಾರೆ. ಎಳೆ ಕಪ್ಪಾದರೆ ಡೈ ಇನ್ನೂ ಒಳಗಿದೆ ಎಂದರ್ಥ, ಮತ್ತೆ ತೊಳೆಯಬೇಕು. ಇದನ್ನು ನೋಡದೆ ಅದೇ ಸಂಜೆ ಪೆರಾಕ್ಸೈಡ್ ಇರುವ ಹೊಸ ಡೈ ಹಚ್ಚಿದವರ ತಲೆ ತಿಳಿ ಕಂದಾಗುವ ಬದಲು ಮತ್ತೆ ಕಪ್ಪಾಗುತ್ತದೆ. ಕೆಲವು ದಿನ ಬಿಟ್ಟು, ಬಣ್ಣ ನಿಂತಿದೆ ಎಂದು ಖಾತ್ರಿಯಾದ ಮೇಲೆ ಮುಂದುವರಿಯುವುದೇ ಸರಿ.

ಮುಂದಿನ ಹೆಜ್ಜೆ ಬ್ಲೀಚ್. ಕಪ್ಪು ಕೂದಲಿನವರು ತಿಳಿ ಕಂದಿನ ಆಸೆಗೆ ಇದನ್ನು ತಪ್ಪಿಸಿಕೊಳ್ಳಲಾರರು. ಆದರೆ ಡೈ ಮೊದಲೇ ಹೋಗಿದ್ದರೆ ಬ್ಲೀಚ್‌ನ ಹೊಡೆತ ಕಡಿಮೆ ಸಾಕು: ಅದು ಮೆಲನಿನ್ ಒಂದನ್ನೇ ಎದುರಿಸಿದರಾಯಿತು, 18 ಪದರ ಡೈಯನ್ನೂ ಸುಡಬೇಕಾಗಿಲ್ಲ. ಅದೂ ಎಲ್ಲ ಕಡೆ ಒಂದೇ ಹೊತ್ತು ಅಲ್ಲ. ಕಿತ್ತಳೆಯಾದ ಭಾಗದ ಮೆಲನಿನ್ ಆಗಲೇ ಅರ್ಧ ಸವೆದಿದೆ, ಬುಡದ್ದು ಇಡಿಯಾಗಿದೆ. ಅನುಭವಿಗಳು ಎರಡಕ್ಕೂ ಬೇರೆ ಬೇರೆ ಬೆರೆಸಿ, ಬೇರೆ ಬೇರೆ ಹೊತ್ತು ಇಡುತ್ತಾರೆ. ಮೊದಲಿಗೆ ಒಂದು ಎಳೆಯ ಮೇಲೆ ಪ್ರಯೋಗ. ಒದ್ದೆ ಎಳೆ ಎಳೆದರೆ ರಬ್ಬರಿನಂತೆ ಹಿಗ್ಗಿ ವಾಪಸು ಬಾರದಿದ್ದರೆ ಅಲ್ಲಿಗೆ ನಿಲ್ಲಿಸಬೇಕು.

ಮೆಹೆಂದಿಯ ಕೆಂಪಿಗೆ ರಿಮೂವರ್ ನಡೆಯುವುದಿಲ್ಲ, ಅದು ಕೂದಲಿನ ಪ್ರೋಟೀನಿಗೇ ಅಂಟಿಕೊಂಡ ಬಣ್ಣ. ಕಪ್ಪು ಮೆಹೆಂದಿ ಎಂದು ಮಾರುವ ಪುಡಿಗಳಲ್ಲಿ ಹಲವು ಪಿಪಿಡಿ ಬೆರೆತವು. ಅದರ ಜೊತೆ ಲೋಹದ ಲವಣಗಳಿದ್ದರೆ ಬ್ಲೀಚ್ ತಾಗಿದಾಗ ಕೂದಲು ಬಿಸಿಯೇರಿ ಪುಡಿಪುಡಿಯಾಗಬಹುದು. ಪಾರ್ಲರಿನಲ್ಲಿ ಹಿಂದೆ ಹಚ್ಚಿದ್ದನ್ನೆಲ್ಲ ಕೇಳಿದಾಗ ನಾಚದೆ ಹೇಳಿಬಿಡಿ, ಮೂರು ವರ್ಷದ ಹಿಂದಿನದ್ದನ್ನೂ.

ರಿಮೂವರ್ ಒಂದರಲ್ಲೇ ಬಣ್ಣ ತಿಳಿಯಾಗುವವರೂ ಇದ್ದಾರೆ: ತಲೆ ಪೂರ್ತಿ ನರೆತವರು. ನರೆತ ಎಳೆಯಲ್ಲಿ ಮೆಲನಿನ್ ಇಲ್ಲ, ಡೈ ಹೋದರೆ ಉಳಿಯುವುದು ತುಸು ಹಳದಿ ಹೊಡೆಯುವ ಬಿಳಿ. ಅವರು ಬ್ಲೀಚ್ ಮುಟ್ಟದೆಯೇ ತಿಳಿ ಕಂದಿಗೆ ಹೋಗಬಹುದು.