ಪೇಟೆಗೆ ಬಾರದ ಷೇರಿಗೆ ಬೆಲೆ ಕಟ್ಟುವ ಬಗೆ

ಷೇರುಪೇಟೆಯಲ್ಲಿ ವಹಿವಾಟಾಗದ ಖಾಸಗಿ ಕಂಪನಿಯ ಷೇರಿಗೆ ಸಿದ್ಧ ಬೆಲೆ ಇರುವುದಿಲ್ಲ. ಅಣ್ಣ ತಮ್ಮಂದಿರು ಬೇರೆಯಾಗುವಾಗ, ಷೇರುದಾರರೊಬ್ಬರು ಹೊರಹೋಗುವಾಗ, ಇಡೀ ಕಂಪನಿಯೇ ಮಾರಾಟವಾಗುವಾಗ ಅದನ್ನು ಲೆಕ್ಕ ಹಾಕಿಯೇ ಕಂಡುಕೊಳ್ಳಬೇಕು. ಆ ಲೆಕ್ಕದಲ್ಲಿ ಮೊದಲ ತೊಡಕು ಗುಡ್‌ವಿಲ್. ಕಂಪನಿ ತಾನೇ ದುಡಿದು ಗಳಿಸಿದ ಹೆಸರನ್ನು ಆಸ್ತಿಯೆಂದು ತೋರಿಸಲು ಭಾರತದ ಲೆಕ್ಕಪತ್ರ ಮಾನದಂಡಗಳು ಬಿಡುವುದಿಲ್ಲ. ಹಾಗಾಗಿ ಆಸ್ತಿ-ಹೊಣೆ ಪಟ್ಟಿಯಲ್ಲಿ ಅದರ ಸುಳಿವೇ ಇರುವುದಿಲ್ಲ.

ಒಂದು ಊದುಬತ್ತಿ ತಯಾರಿಸುವ ಕಂಪನಿ ಇದೆ ಎಂದುಕೊಳ್ಳೋಣ. ಗುಡ್‌ವಿಲ್ ಬಿಟ್ಟು ಉಳಿದ ಆಸ್ತಿಗಳಿಗೆ ಇಂದಿನ ಬೆಲೆ ಕಟ್ಟಿದರೆ 60 ಲಕ್ಷ ರೂಪಾಯಿ, ಹೊರಗಿನವರಿಗೆ ಕೊಡಬೇಕಾದ ಸಾಲ 20 ಲಕ್ಷ. ವ್ಯವಹಾರದಲ್ಲಿ ತೊಡಗಿರುವ ಬಂಡವಾಳ 40 ಲಕ್ಷ. ಮೂರು ವರ್ಷಗಳಲ್ಲಿ ತೆರಿಗೆ ಕಳೆದು ಉಳಿದ ಲಾಭ 6.5, 7 ಮತ್ತು 9 ಲಕ್ಷ, ಸರಾಸರಿ 7.5 ಲಕ್ಷ. ಈ ಸರಾಸರಿಯನ್ನು ಹಾಗೇ ನಂಬಿದರೆ ಕೊಳ್ಳುವವನು ಮೋಸಹೋಗುತ್ತಾನೆ. ಕೊನೆಯ ವರ್ಷದ ಲಾಭದಲ್ಲಿ ಹಳೆಯ ನಿವೇಶನ ಮಾರಿ ಬಂದ 1.5 ಲಕ್ಷ ಸೇರಿದೆ. ಅದು ಮತ್ತೆ ಬರುವ ಹಣವಲ್ಲ. ಅದನ್ನು ತೆಗೆದರೆ ಸರಾಸರಿ 7 ಲಕ್ಷಕ್ಕೆ ಇಳಿಯುತ್ತದೆ. ಮಾಲೀಕ ಸಂಬಳವಿಲ್ಲದೆ ದುಡಿದಿದ್ದಾನೆ. ಅವನ ಜಾಗಕ್ಕೆ ಮ್ಯಾನೇಜರನ್ನು ಇಟ್ಟರೆ ತೆರಿಗೆಯ ಉಳಿತಾಯ ಕಳೆದು ವರ್ಷಕ್ಕೆ ಒಂದು ಲಕ್ಷ ಖರ್ಚು. ಕೊನೆಗೆ ಮುಂದೆಯೂ ನಿಲ್ಲಬಹುದಾದ ಲಾಭ 6 ಲಕ್ಷ.

ಇಂಥ ವ್ಯವಹಾರದಲ್ಲಿ ಹಣ ಹೂಡಿದವರು ಸಾಮಾನ್ಯವಾಗಿ ಶೇ. 12ರ ಗಳಿಕೆ ನಿರೀಕ್ಷಿಸುತ್ತಾರೆ ಎನ್ನೋಣ. 40 ಲಕ್ಷಕ್ಕೆ ಅದು 4.8 ಲಕ್ಷ. ಕಂಪನಿ ಅದಕ್ಕಿಂತ ಹೆಚ್ಚಾಗಿ ಗಳಿಸುವ 1.2 ಲಕ್ಷವೇ ಸೂಪರ್ ಲಾಭ. ಹಳೆಯ ಗಿರಾಕಿಗಳು ಹೊಸ ಮಾಲೀಕನ ಬಳಿ ಎಷ್ಟು ಕಾಲ ಉಳಿದಾರು ಎಂದು ಅಂದಾಜಿಸಿ ಅದನ್ನು ಕೆಲವು ವರ್ಷಗಳಿಂದ ಗುಣಿಸುತ್ತಾರೆ. ಮೂರು ವರ್ಷವೆಂದರೆ ಗುಡ್‌ವಿಲ್ 3.6 ಲಕ್ಷ.

ಬಂಡವಾಳೀಕರಣ ವಿಧಾನ ಕೇಳುವ ಪ್ರಶ್ನೆಯೇ ಬೇರೆ: ಶೇ. 12ರ ಗಳಿಕೆಯಲ್ಲಿ 6 ಲಕ್ಷ ಲಾಭ ಬರಬೇಕಾದರೆ ಎಷ್ಟು ಬಂಡವಾಳ ಬೇಕು? 50 ಲಕ್ಷ. ಇರುವುದು 40 ಲಕ್ಷ. ವ್ಯತ್ಯಾಸದ 10 ಲಕ್ಷವೇ ಗುಡ್‌ವಿಲ್. ಸೂಪರ್ ಲಾಭವನ್ನು ನೇರವಾಗಿ ಶೇ. 12ರಿಂದ ಭಾಗಿಸಿದರೂ ಬರುವುದು ಅದೇ ಮೊತ್ತ. 3.6 ಲಕ್ಷವೆಲ್ಲಿ, 10 ಲಕ್ಷವೆಲ್ಲಿ! ಮೊದಲ ವಿಧಾನಕ್ಕೆ ಹೆಚ್ಚುವರಿ ಲಾಭ ಮೂರು ವರ್ಷದ ಮಾತು, ಎರಡನೆಯದಕ್ಕೆ ಅದು ಎಂದೂ ನಿಲ್ಲದ ಹರಿವು. ಪೈಪೋಟಿ ಜೋರಾಗಿರುವ ಕಸುಬಿಗೆ ಎರಡನೆಯದು ತೀರ ಉದಾರವಾದ ಲೆಕ್ಕ.

ಜಗಳವೆಲ್ಲ ನಡೆಯುವುದು ಆ ಶೇ. 12ರ ಸುತ್ತ. ದರ 15 ಎಂದರೆ ಸಾಮಾನ್ಯ ಲಾಭವೇ 6 ಲಕ್ಷವಾಗಿ ಗುಡ್‌ವಿಲ್ ಸೊನ್ನೆ. 10 ಎಂದರೆ ಬಂಡವಾಳೀಕರಣದ ಗುಡ್‌ವಿಲ್ 20 ಲಕ್ಷ. ಮಾರುವವನು ದರ ಇಳಿಸಲು, ಕೊಳ್ಳುವವನು ಏರಿಸಲು ಹೆಣಗುವುದು ಇದಕ್ಕೇ. ವ್ಯವಹಾರದ ಅಪಾಯ ಹೆಚ್ಚಿದಷ್ಟೂ ದರ ಏರಬೇಕು ಎಂಬುದು ನಿಯಮ.

ಈಗ ಷೇರಿಗೆ ಬರೋಣ. ಕಂಪನಿಯಲ್ಲಿ ತಲಾ 100 ರೂಪಾಯಿಯ 25,000 ಈಕ್ವಿಟಿ ಷೇರುಗಳಿವೆ, ಪ್ರಿಫರೆನ್ಸ್ ಷೇರುಗಳಿಲ್ಲ. ನಿವ್ವಳ ಆಸ್ತಿ ವಿಧಾನದಲ್ಲಿ 40 ಲಕ್ಷಕ್ಕೆ 3.6 ಲಕ್ಷದ ಗುಡ್‌ವಿಲ್ ಸೇರಿಸಿ ಹಂಚಿದರೆ ಷೇರಿಗೆ 174.40 ರೂಪಾಯಿ. ಇಲ್ಲಿ ಎಡವುವುದು ಹೊಣೆಗಳ ಕಡೆ. ಕಾರ್ಮಿಕರ ಗ್ರ್ಯಾಚುಟಿಗೆ ಹಣ ತೆಗೆದಿಡದಿದ್ದರೆ ಪುಸ್ತಕದಲ್ಲಿ ಆ ಸಾಲ ಕಾಣುವುದೇ ಇಲ್ಲ. ವಸೂಲಾಗದ ಬಾಕಿಯೂ ಆಸ್ತಿಯ ಸಾಲಿನಲ್ಲಿ ಕುಳಿತಿರಬಹುದು.

ಯೀಲ್ಡ್ ವಿಧಾನಕ್ಕೆ ಆಸ್ತಿ ಬೇಡ, ಷೇರು ತರುವ ಆದಾಯ ಸಾಕು. ಕಂಪನಿ ಶೇ. 15 ಲಾಭಾಂಶ ಕೊಡುತ್ತಿದ್ದರೆ 15ನ್ನು 12ರಿಂದ ಭಾಗಿಸಿ ನೂರರಿಂದ ಗುಣಿಸಬೇಕು: 125 ರೂಪಾಯಿ. ಹಂಚದೆ ಉಳಿಸಿಕೊಂಡದ್ದೂ ಸೇರಿ ಇಡೀ ಲಾಭವನ್ನು ಹಿಡಿದರೆ 25 ಲಕ್ಷದ ಷೇರು ಬಂಡವಾಳಕ್ಕೆ 6 ಲಕ್ಷ, ಅಂದರೆ ಶೇ. 24, ಬೆಲೆ 200 ರೂಪಾಯಿ. ನಿವ್ವಳ ಆಸ್ತಿಗೆ 10 ಲಕ್ಷದ ಗುಡ್‌ವಿಲ್ ಸೇರಿಸಿದ್ದರೂ ಸಿಗುತ್ತಿದ್ದುದು ಇದೇ 200. ಎರಡೂ ಕಡೆ ಅದೇ ಲಾಭಕ್ಕೆ ಅದೇ ದರ ಬಳಸಿರುವುದರಿಂದ ಇದು ಕಾಕತಾಳೀಯವಲ್ಲ.

ಒಂದೇ ಷೇರಿಗೆ ಮೂರು ಬೆಲೆ ಬಂದರೂ ಲೆಕ್ಕ ತಪ್ಪಿಲ್ಲ. ನೂರಿನ್ನೂರು ಷೇರು ಹಿಡಿದವನಿಗೆ ಆಸ್ತಿ ಮಾರಿಸುವ ಅಧಿಕಾರವಿಲ್ಲ, ಲಾಭ ಹಂಚಿಸುವ ಶಕ್ತಿಯೂ ಇಲ್ಲ. ಅವನ ಕೈಗೆ ಬರುವುದು ಲಾಭಾಂಶ ಮಾತ್ರ, ಹಾಗಾಗಿ ಅವನ ಷೇರಿಗೆ 125ರ ಲೆಕ್ಕ ಹೊಂದುತ್ತದೆ. ಕಂಪನಿಯ ಹಿಡಿತ ಕೊಳ್ಳುವವನಿಗೆ ಇಡೀ ಗಳಿಕೆಯೂ ಆಸ್ತಿಯೂ ಒಲಿಯುವುದರಿಂದ ಅವನು ಉಳಿದೆರಡರ ನಡುವೆ ಚೌಕಾಸಿ ಮಾಡುತ್ತಾನೆ. ಎರಡು ಪಕ್ಷಗಳೂ ಪಟ್ಟು ಬಿಡದಿದ್ದಾಗ ನಿವ್ವಳ ಆಸ್ತಿ ಬೆಲೆ ಮತ್ತು ಯೀಲ್ಡ್ ಬೆಲೆಗಳ ಸರಾಸರಿಯನ್ನು ನ್ಯಾಯಬೆಲೆ ಎನ್ನುವ ರೂಢಿಯಿದೆ: 174.40 ಮತ್ತು 125ಕ್ಕೆ ಅದು 149.70. ರಾಜಿಗೆ ಅನುಕೂಲವೆನ್ನುವುದು ಬಿಟ್ಟರೆ ಈ ಅಂಕಿಗೆ ಬೇರೆ ತರ್ಕವಿಲ್ಲ. ಲಾಭಾಂಶವನ್ನೇ ಕೊಡದ ಕಂಪನಿಯಲ್ಲಂತೂ ಅದು ಕೆಲಸಕ್ಕೆ ಬಾರದು. ಅಲ್ಲಿ ಲಾಭಾಂಶದ ಲೆಕ್ಕ ಸೊನ್ನೆಗೆ ಇಳಿಯುವುದರಿಂದ ಗಳಿಕೆಯನ್ನೇ ಆಧಾರವಾಗಿ ಹಿಡಿಯಬೇಕಾಗುತ್ತದೆ.