ನೋಟಿಸಿಗೆ ಸಹಿ ಬೀಳುವ ಮುನ್ನ

ಚೆಕ್ ಬೌನ್ಸ್ ಆದಾಗ ಕಳಿಸುವ ಲೀಗಲ್ ನೋಟಿಸಿನಲ್ಲಿ ಒಂದು ಅಂಕಿ ತಪ್ಪಿದರೂ ಕೇಸು ಬಿದ್ದುಹೋಗಬಹುದು. 2025ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣದಲ್ಲಿ ಚೆಕ್ಕು ಒಂದು ಕೋಟಿಯದು, ನೋಟಿಸಿನಲ್ಲಿ ಕೇಳಿದ್ದು ಎರಡು ಕೋಟಿ. ಟೈಪಿಂಗ್ ತಪ್ಪು ಎಂಬ ಸಮಜಾಯಿಷಿಯನ್ನು ಕೋರ್ಟು ಒಪ್ಪಲಿಲ್ಲ.

ಉದಾಹರಣೆಗೆ, ದಾವಣಗೆರೆಯ ಅಕ್ಕಿ ವ್ಯಾಪಾರಿಯೊಬ್ಬರಿಗೆ ಹೋಟೆಲಿನವರು ಕೊಟ್ಟ 1,85,000 ರೂಪಾಯಿಯ ಚೆಕ್ಕು ಖಾತೆಯಲ್ಲಿ ಹಣವಿಲ್ಲವೆಂದು ವಾಪಸಾಯಿತು ಅನ್ನಿ. ಬ್ಯಾಂಕಿನ ಮೆಮೊ ಕೈಗೆ ಬಂದದ್ದು ಜೂನ್ 3ಕ್ಕೆ. ನೆಗೋಶಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಪ್ರಕಾರ ಅಲ್ಲಿಂದ 30 ದಿನಗಳೊಳಗೆ ನೋಟಿಸ್ ಹೋಗಬೇಕು. ಕರಡಿನಲ್ಲಿ ‘ಬಾಕಿ 2,10,000 ರೂಪಾಯಿ ಕೊಡಿ’ ಎಂದಿದೆ. ಹಳೇ ಬಾಕಿಯನ್ನೂ ಬಡ್ಡಿಯನ್ನೂ ಸೇರಿಸಿಬಿಟ್ಟಿದ್ದಾರೆ. ಚೆಕ್ಕಿನ ಮೊತ್ತವನ್ನು ಬೇರೆಯಾಗಿ, ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಕೇಳಲೇಬೇಕು. ಬಡ್ಡಿ, ವಕೀಲರ ಖರ್ಚು ಇತ್ಯಾದಿ ಬೇಕಿದ್ದರೆ ಪ್ರತ್ಯೇಕ ಸಾಲಿನಲ್ಲಿ ಬರಲಿ. ಚೆಕ್ ನಂಬರು, ತಾರೀಖುಗಳನ್ನು ನೆನಪಿನಿಂದ ಬರೆಯದೆ ಚೆಕ್ಕನ್ನು ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಿ.

ಹೆಸರಿನ ವಿಚಾರದಲ್ಲಿ ಜನ ಎಡವುವುದು ಕಾಗುಣಿತದಲ್ಲಷ್ಟೇ ಅಲ್ಲ. ಚೆಕ್ಕಿನ ಮೇಲೆ ಪ್ರೈವೇಟ್ ಲಿಮಿಟೆಡ್ ಕಂಪನಿಯ ಮೊಹರಿದ್ದು, ನೋಟಿಸ್ ಮಾತ್ರ ‘ಓನರ್’ ಹೆಸರಿಗೆ ಹೋದರೆ ತಕರಾರು ಶುರುವಾಗುವುದು ಅಲ್ಲಿಂದಲೇ. ಕಂಪನಿಗೂ ಸಹಿ ಹಾಕಿದವರಿಗೂ ಇಬ್ಬರಿಗೂ ಕಳಿಸಬೇಕು. ವಿಳಾಸವೂ ಹಾಗೆಯೇ: ಅಂಗಡಿ, ಮನೆ ಎರಡಕ್ಕೂ ಪಿನ್‌ಕೋಡ್ ಸಮೇತ ಹಾಕುವುದು ಕ್ಷೇಮ. ಸರಿಯಾದ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದ್ದರೆ, ‘ಬಾಗಿಲು ಹಾಕಿತ್ತು’ ಎಂಬ ಷರಾದೊಂದಿಗೆ ಲಕೋಟೆ ಹಿಂದೆ ಬಂದರೂ ತಲುಪಿದೆ ಎಂದೇ ಕಾನೂನು ಭಾವಿಸುತ್ತದೆ. ವಿಳಾಸವೇ ತಪ್ಪಾಗಿದ್ದರೆ ಆ ರಕ್ಷಣೆ ಇಲ್ಲ.

ಗಡುವಿನ ಜಾಗದಲ್ಲಿ ಕರಡು ‘ತಕ್ಷಣ’ ಎನ್ನುತ್ತಿದೆ. ಅದನ್ನು ಹೊಡೆದುಹಾಕಿ. ಕಾಯ್ದೆ ಕೊಟ್ಟಿರುವುದು ನೋಟಿಸ್ ಕೈಸೇರಿದ ದಿನದಿಂದ 15 ದಿನ. ನೋಟಿಸಿನ ಮೇಲಿನ ತಾರೀಖಿನಿಂದ ಅಲ್ಲ. ಜೂನ್ 23ಕ್ಕೆ ಹೋಟೆಲಿಗೆ ತಲುಪಿದರೆ ಜುಲೈ 8ರವರೆಗೆ ಅವರಿಗೆ ಕಾಲಾವಕಾಶ. ಅಷ್ಟರೊಳಗೆ ಕೋರ್ಟಿಗೆ ಹೋದರೆ ದೂರು ನಿಲ್ಲುವುದಿಲ್ಲ. ಆಮೇಲೆ ದೂರು ಕೊಡಲು ಇರುವುದು ಒಂದು ತಿಂಗಳು.

ಇನ್ನು ಧಾಟಿ. ‘ನೀವು ಮೋಸಗಾರರು, ಪೊಲೀಸರಿಂದ ಎಳೆಸುತ್ತೇವೆ’ ಎಂಬ ಸಾಲು ಬರೆಸಿದವರ ಸಿಟ್ಟನ್ನು ಇಳಿಸುತ್ತದೆ ಅಷ್ಟೇ. ಎದುರು ವಕೀಲರು ಅದನ್ನೇ ಓದಿ ತೋರಿಸುತ್ತಾರೆ. ‘ಈ ನೋಟಿಸ್ ತಲುಪಿದ 15 ದಿನಗಳೊಳಗೆ ಚೆಕ್ಕಿನ ಮೊತ್ತ 1,85,000 ರೂಪಾಯಿ ಪಾವತಿಸತಕ್ಕದ್ದು, ತಪ್ಪಿದಲ್ಲಿ 138ನೇ ಕಲಮಿನಡಿ ನ್ಯಾಯಾಲಯದಲ್ಲಿ ದೂರು ದಾಖಲಿಸಲಾಗುವುದು’ ಎಂದರೆ ಸಾಕು, ಬಿಗಿಯೂ ಇದೆ, ಮರ್ಯಾದೆಯೂ ಇದೆ.

ತಪ್ಪು ಕಣ್ಣಿಗೆ ಬಿದ್ದಾಗ ಆ 30 ದಿನ ಇನ್ನೂ ಮುಗಿಯದಿದ್ದರೆ ತಿದ್ದಿದ ನೋಟಿಸ್ ಕಳಿಸಲು ದಾರಿಯಿರುತ್ತದೆ. ಆದ್ದರಿಂದ ಬ್ಯಾಂಕಿನ ಮೆಮೊ ಬಂದ ವಾರದಲ್ಲೇ ವಕೀಲರನ್ನು ಕಾಣಿ.